ಒಂದೇ ಬರಹ, ಎರಡು ತಲೆಬರಹ: ಓದುಗರಿಗೊಂದು, ಹುಡುಕುವವರಿಗೊಂದು

ನಾನು ಪ್ರತಿವಾರ ಒಂದು ಸಣ್ಣ ಕನ್ನಡ ನ್ಯೂಸ್‌ಲೆಟರ್ ಬರೆದು ಕಳಿಸ್ತೀನಿ. ಕಾಲೇಜು, ಕೆಲಸ, ದಾಖಲೆ ಪತ್ರ, ಹೀಗೆ ನಮ್ಮ ವಯಸ್ಸಿನವರಿಗೆ ದಿನಾ ತಲೆನೋವು ಕೊಡುವ ವಿಷಯಗಳೇ ಅದರಲ್ಲಿರೋದು. ಇವತ್ತು ಮಾತಾಡ್ತಿರೋದು ಬರೆಯುವ ಬಗ್ಗೆ ಅಲ್ಲ, ಬರೆದು ಮುಗಿಸಿದ ಮೇಲೆ ತುಂಬುವ ಎರಡು ಸಣ್ಣ ಪೆಟ್ಟಿಗೆಗಳ ಬಗ್ಗೆ. ನಿಮ್ಮಲ್ಲಿ ಎಷ್ಟೋ ಜನ ಬ್ಲಾಗು, ನ್ಯೂಸ್‌ಲೆಟರ್ ನಡೆಸ್ತಿದ್ದೀರಿ. ಆ ಪೆಟ್ಟಿಗೆಗಳನ್ನು ನೋಡಿರ್ತೀರಿ, ಖಾಲಿ ಬಿಟ್ಟು ಮುಂದೆ ಹೋಗಿರ್ತೀರಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೂತಾಗ ಹೆಸರು ಹೊಂದಿಕೆಯಾಗ್ತಿಲ್ಲ ಅಂತ ಬರುತ್ತೆ. ಈ ವಿಷಯದ ಮೇಲೆ ನಾನೊಂದು ಬರಹ ಬರೆದೆ. ಅದಕ್ಕೆ ಕೊಟ್ಟ ತಲೆಬರಹ: ಹೆಸರಲ್ಲೇನಿದೆ?

ನನಗೆ ಆ ತಲೆಬರಹ ಇಷ್ಟ. ನನ್ನ ಪತ್ರ ಪ್ರತಿ ಭಾನುವಾರ ಇನ್‌ಬಾಕ್ಸ್‌ಗೆ ಬರುತ್ತೆ ಅಂತ ಗೊತ್ತಿರುವವರಿಗೆ ಅಷ್ಟು ಸಾಕು. ಅವರಿಗೆ ನನ್ನ ಪರಿಚಯ ಇದೆ, ಒಳಗೆ ಏನೋ ಕೆಲಸಕ್ಕೆ ಬರೋದು ಇರುತ್ತೆ ಅಂತ ನಂಬಿಕೆ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ, ನಾಳೆ ಕೊನೆಯ ದಿನ ಅಂತ ಗಾಬರಿಯಲ್ಲಿ ಫೋನ್ ಹಿಡಿದಿರುವ ಹುಡುಗಿ ಗೂಗಲ್‌ನಲ್ಲಿ ‘ಹೆಸರಲ್ಲೇನಿದೆ’ ಅಂತ ಟೈಪ್ ಮಾಡಲ್ಲ. ಅವಳು ಟೈಪ್ ಮಾಡೋದು ‘ಆಧಾರ್ SSLC ಹೆಸರು ಬೇರೆ’ ಅಂತ. ಅವಳಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಕಾಣುವ ಒಂದು ನೀಲಿ ಸಾಲು, ಅದರ ಕೆಳಗಿನ ಎರಡು ಸಣ್ಣ ಸಾಲು, ಇಷ್ಟರಲ್ಲೇ ಅವಳು ತೀರ್ಮಾನ ಮಾಡಬೇಕು.

ಈ ಇಬ್ಬರು ಓದುಗರಿಗೆ ಬೇರೆ ಬೇರೆ ಸಾಲು ಬರೆಯಲು ವೇದಿಕೆಗಳು ಜಾಗ ಕೊಟ್ಟಿವೆ. ಪುಟದ ಮೇಲೆ ದೊಡ್ಡದಾಗಿ ಕಾಣುವುದು ತಲೆಬರಹ. ಹುಡುಕಾಟದ ಫಲಿತಾಂಶಕ್ಕೆಂದು ಕೊಡುವುದು ಸರ್ಚ್ ಟೈಟಲ್, ಅದರ ಕೆಳಗಿನ ಸಾಲುಗಳಿಗೆಂದು ಕೊಡುವುದು ವಿವರಣೆ. ಸಬ್‌ಸ್ಟ್ಯಾಕ್‌ನಲ್ಲಿ ಪೋಸ್ಟಿನ ಸೆಟ್ಟಿಂಗ್ಸ್ ಒಳಗೆ `SEO title`, `SEO description` ಅಂತ ಸಿಗುತ್ತೆ. ಘೋಸ್ಟ್‌ನಲ್ಲಿ ಪೋಸ್ಟಿನ ಸೆಟ್ಟಿಂಗ್ಸ್‌ನಲ್ಲೇ `Meta data` ಒತ್ತಿದರೆ `Meta title`, `Meta description`. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್‌ನಂಥ ಪ್ಲಗಿನ್ ಹಾಕಿಕೊಂಡರೆ ಬರುತ್ತೆ. ಬ್ಲಾಗರ್‌ದು ಸ್ವಲ್ಪ ಬೇರೆ ಕಥೆ. ಅಲ್ಲಿ ಪ್ರತ್ಯೇಕ ಸರ್ಚ್ ಟೈಟಲ್ ಇಲ್ಲವೇ ಇಲ್ಲ, ತಲೆಬರಹವೇ ಎರಡೂ ಕೆಲಸ ಮಾಡಬೇಕು. ವಿವರಣೆಯ ಪೆಟ್ಟಿಗೆ ಇದೆ, ಆದರೆ ಬ್ಲಾಗಿನ ಸೆಟ್ಟಿಂಗ್ಸ್‌ನಲ್ಲಿ `Enable search description` ಅನ್ನೋದನ್ನು ಒಂದು ಸಲ ಆನ್ ಮಾಡುವವರೆಗೂ ಅದು ಕಣ್ಣಿಗೇ ಬೀಳಲ್ಲ. ಎಷ್ಟೋ ಹಳೇ ಕನ್ನಡ ಬ್ಲಾಗಿಗರಿಗೆ ಅದು ಇದೆ ಅಂತಲೇ ಗೊತ್ತಿಲ್ಲ.

ನೀವು ತುಂಬಿದ್ದು ಪುಟದ ಒಳಗೆ ಎಲ್ಲಿ ಹೋಗಿ ಕೂರುತ್ತೆ? ಓದುತ್ತಿರುವವರಿಗಾಗಿ ಕೆಳಗೆ ಕೊಟ್ಟಿದ್ದೀನಿ.

```html
<title>ಆಧಾರ್, SSLC ಅಂಕಪಟ್ಟಿಯಲ್ಲಿ ಹೆಸರು ಬೇರೆ ಇದ್ದರೆ ಏನು ಮಾಡಬೇಕು?</title>
<meta name="description" content="ಆಧಾರ್‌ನಲ್ಲಿ ಹೆಸರು ತಿದ್ದಿಸಲು ಎರಡೇ ಅವಕಾಶ...">
<meta property="og:title" content="ಹೆಸರಲ್ಲೇನಿದೆ?">
<h1>ಹೆಸರಲ್ಲೇನಿದೆ?</h1>
```

ಕೇಳ್ತಿರುವವರಿಗೆ ಬಾಯಲ್ಲೇ ಹೇಳ್ತೀನಿ. ಮೊದಲ ಸಾಲು ಸರ್ಚ್ ಟೈಟಲ್. ಬ್ರೌಸರಿನ ಟ್ಯಾಬ್ ಮೇಲೆ ಕಾಣೋದು, ಬುಕ್‌ಮಾರ್ಕ್ ಮಾಡಿದರೆ ಉಳಿಯೋದು ಇದೇ. ಎರಡನೆಯದು ವಿವರಣೆ. ಮೂರನೆಯದು ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವ ಹೆಸರು. ಕೊನೆಯದು ಪುಟ ತೆರೆದಾಗ ಕಣ್ಣಿಗೆ ಬೀಳುವ ತಲೆಬರಹ. ನಾಲ್ಕೂ ಒಂದೇ ಬರಹದವು, ಆದರೆ ನಾಲ್ಕೂ ಬೇರೆ ಬೇರೆ ಸಾಲುಗಳು. ಈ ಬೇರೆ ಬೇರೆ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಪೆಟ್ಟಿಗೆ ಖಾಲಿ ಬಿಟ್ಟರೆ ಏನಾಗುತ್ತೆ? ಏನೂ ಮುರಿದು ಬೀಳಲ್ಲ. ವೇದಿಕೆ ನಿಮ್ಮ ತಲೆಬರಹವನ್ನೇ ಸರ್ಚ್ ಟೈಟಲ್ ಆಗಿ ಹಾಕಿಬಿಡುತ್ತೆ. ತಲೆಬರಹ ನೇರವಾಗಿದ್ದರೆ ಅದೇ ಸಾಕು, ಸುಮ್ಮನೆ ಎರಡು ಸಲ ಬರೆಯುವ ಶ್ರಮ ಬೇಡ. ತಲೆಬರಹದಲ್ಲಿ ಪದದಾಟ, ಗಾದೆ, ಸಿನಿಮಾ ಸಾಲು, ಅರ್ಧ ಪ್ರಶ್ನೆ ಇದ್ದಾಗ ಮಾತ್ರ ಈ ಪೆಟ್ಟಿಗೆ ಕೆಲಸಕ್ಕೆ ಬರುತ್ತೆ. ಕನ್ನಡದಲ್ಲಿ ನಾವು ತಲೆಬರಹಕ್ಕೆ ಪದದಾಟ ಜಾಸ್ತಿ ಬಳಸ್ತೀವಿ ಅಲ್ವಾ, ಹಾಗಾಗಿ ನಮಗೆ ಇದು ಬೇಕಾಗೋದೂ ಜಾಸ್ತಿ.

ಈಗ ಬರೆಯುವ ವಿಚಾರ. ಸರ್ಚ್ ಟೈಟಲ್ ಬರೆಯುವಾಗ ನಾನು ಮಾಡುವುದು ಒಂದೇ: ಇದನ್ನು ನನ್ನ ತಂಗಿ ನನಗೆ ಫೋನ್ ಮಾಡಿ ಕೇಳಿದರೆ ಯಾವ ಪದ ಬಳಸ್ತಾಳೆ ಅಂತ ಯೋಚಿಸೋದು. ಅವಳು ‘ದಾಖಲೆಗಳಲ್ಲಿನ ನಾಮವ್ಯತ್ಯಾಸ’ ಅನ್ನಲ್ಲ. ‘ಅಣ್ಣ, ಮಾರ್ಕ್ಸ್‌ ಕಾರ್ಡ್‌ನಲ್ಲಿ ಹೆಸರು ಬೇರೆ ಇದೆ, ಏನ್ ಮಾಡ್ಲಿ?’ ಅಂತಾಳೆ. ಅದನ್ನೇ ಸ್ವಲ್ಪ ಒಪ್ಪ ಮಾಡಿ ಇಡಬೇಕು ಅಷ್ಟೆ.

ಇಲ್ಲಿ ಒಂದು ಆಸೆ ಬರುತ್ತೆ. ನಮ್ಮಲ್ಲಿ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕ್ತಾರೆ. ಹಾಗಾದರೆ ಸರ್ಚ್ ಟೈಟಲ್ಲನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಬಿಡೋಣ ಅಂತ ಅನ್ನಿಸುತ್ತೆ. ಬೇಡ. ಬರಹ ಯಾವ ಭಾಷೆ, ಯಾವ ಲಿಪಿಯಲ್ಲಿದೆಯೋ ಟೈಟಲ್ ಕೂಡ ಅದರಲ್ಲೇ ಇರಲಿ ಅಂತ ಗೂಗಲ್ ತನ್ನ ಸೂಚನೆಯಲ್ಲೇ ಹೇಳಿದೆ. ಅವರು ಕೊಡುವ ಉದಾಹರಣೆ ಹಿಂದಿಯದು: ಪುಟ ಹಿಂದಿಯಲ್ಲಿದ್ದರೆ ಟೈಟಲ್ ಇಂಗ್ಲಿಷಿನಲ್ಲಾಗಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿಯಲ್ಲಾಗಲಿ ಇರಬಾರದು. ಹೊಂದದ ಟೈಟಲ್ ಕಂಡರೆ ಅದನ್ನು ಪಕ್ಕಕ್ಕಿಟ್ಟು, ಪುಟಕ್ಕೆ ಹೊಂದುವ ಇನ್ನೊಂದನ್ನು ಗೂಗಲ್ಲೇ ಆರಿಸಿಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಅದು ಆರಿಸುವುದು ‘ಹೆಸರಲ್ಲೇನಿದೆ?’ ಆಗಿಬಿಟ್ಟರೆ ಮತ್ತೆ ಮೊದಲಿದ್ದಲ್ಲಿಗೇ ಬಂದ ಹಾಗಾಯ್ತು. SSLC ಅನ್ನುವಂಥ ಒಂದು ಸಂಕ್ಷಿಪ್ತ ಪದ ನಡುವೆ ಇದ್ದರೆ ತೊಂದರೆ ಇಲ್ಲ, ಎಲ್ಲರೂ ಬರೆಯೋದೇ ಹಾಗೆ.

ಇಂಗ್ಲಿಷ್ ಅಕ್ಷರಕ್ಕೆ ಸರಿಯಾದ ಜಾಗ ಪೋಸ್ಟಿನ ವಿಳಾಸ, ಅಂದರೆ ಲಿಂಕಿನ ಕೊನೆಯ ಭಾಗ. ನಾನು ಕೊಟ್ಟಿದ್ದು `aadhaar-sslc-name-mismatch`. ಇದನ್ನು ನಾವೇ ಬರೆಯದಿದ್ದರೆ ಕನ್ನಡ ತಲೆಬರಹ ಏನಾಗುತ್ತೆ ನೋಡಿ. ಬ್ಲಾಗರ್ ಕನ್ನಡ ಅಕ್ಷರಗಳನ್ನು ಬಿಟ್ಟುಬಿಟ್ಟು `blog-post.html` ಅಂತ ಇಡುತ್ತೆ, ಮುಂದಿನದಕ್ಕೆ ಅದೇ ಹೆಸರು, ಹಿಂದೆ ಒಂದು ಸಂಖ್ಯೆ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತೆ, ಆದರೆ ಒಳಗೆ ಪ್ರತಿ ಕನ್ನಡ ಚಿಹ್ನೆಯೂ ಒಂಬತ್ತು ಅಕ್ಷರದ ಸಂಕೇತವಾಗುತ್ತೆ. ‘ಕ’ ಅನ್ನೋದು `%E0%B2%95` ಆಗುತ್ತೆ. ವಿಳಾಸಕ್ಕೆ ಅದು ಇಟ್ಟಿರುವ ಮಿತಿ 200. ಲೆಕ್ಕ ಹಾಕಿ, ಇಪ್ಪತ್ತೆರಡು ಚಿಹ್ನೆಗೇ ತುಂಬಿಹೋಯ್ತು, ಉಳಿದದ್ದು ಕತ್ತರಿಸಿಹೋಗುತ್ತೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಆ ಶೇಕಡಾ ಚಿಹ್ನೆಗಳ ಉದ್ದುದ್ದ ಲಿಂಕ್ ನೋಡಿದ್ದೀರಲ್ಲ, ಅದು ಇದೇ. ವಿಳಾಸವನ್ನು ಪ್ರಕಟಿಸುವ ಮುಂಚೆಯೇ ಸರಿಮಾಡಿ. ಪ್ರಕಟಿಸಿದ ಮೇಲೆ ಮುಟ್ಟಿದರೆ ಆಗಲೇ ಹಂಚಿಹೋದ ಲಿಂಕುಗಳು ಕೈಕೊಡಬಹುದು.

ಉದ್ದದ ಬಗ್ಗೆ ಒಂದು ಮಾತು. ಘೋಸ್ಟ್ ಸರ್ಚ್ ಟೈಟಲ್‌ಗೆ 60 ಅಕ್ಷರ ಅಂತ ಸಲಹೆ ಕೊಡುತ್ತೆ. ಈ ಎಣಿಕೆ ನಮ್ಮ ಎಣಿಕೆ ಅಲ್ಲ. ‘ಅಂಕಪಟ್ಟಿ’ ನಮಗೆ ನಾಲ್ಕು ಅಕ್ಷರ: ಅಂ, ಕ, ಪ, ಟ್ಟಿ. ಕಂಪ್ಯೂಟರಿಗೆ ಅದು ಎಂಟು, ಯಾಕಂದ್ರೆ ಸೊನ್ನೆ, ಒತ್ತು, ಗುಡಿಸು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ನನ್ನ ಸರ್ಚ್ ಟೈಟಲ್ ಚಿಕ್ಕದಾಗಿಯೇ ಕಾಣುತ್ತೆ, ಆದರೂ ಆ ಲೆಕ್ಕದಲ್ಲಿ 56 ಆಯ್ತು. ಹಾಗಂತ ಎಣಿಕೆ ಮೀರಿತು ಅಂತ ಗಾಬರಿಯಾಗಿ ಪದಗಳನ್ನು ಕೊಯ್ಯಬೇಡಿ. ಗೂಗಲ್ ಅಕ್ಷರ ಎಣಿಸಿ ಕತ್ತರಿಸಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತೆ. ಮುಖ್ಯವಾದ ಪದ ಮೊದಲ ಅರ್ಧದಲ್ಲಿರಲಿ, ಅಷ್ಟು ಸಾಕು. ‘ಏನು ಮಾಡಬೇಕು’ ಅನ್ನೋದು ಕತ್ತರಿಸಿಹೋದರೂ ಅರ್ಥವಾಗುತ್ತೆ. ‘ಆಧಾರ್’ ಕತ್ತರಿಸಿಹೋದರೆ ಕಷ್ಟ.

ವಿವರಣೆಗೆ ಬರೋಣ. ಇಲ್ಲಿ ಜನ ಸಾಮಾನ್ಯವಾಗಿ ಬರೆಯೋದು ‘ಈ ಲೇಖನದಲ್ಲಿ ಆಧಾರ್ ಹೆಸರಿನ ಸಮಸ್ಯೆಯ ಬಗ್ಗೆ ಸಂಪೂರ್ಣ ಮಾಹಿತಿ ನೀಡಲಾಗಿದೆ’ ಅಂತ. ಅದರಲ್ಲಿ ಮಾಹಿತಿಯೇ ಇಲ್ಲ ನೋಡಿ. ನಾನು ಬರೆದಿದ್ದು: ‘ಆಧಾರ್‌ನಲ್ಲಿ ಹೆಸರು ತಿದ್ದಿಸಲು ಎರಡೇ ಅವಕಾಶ. ಅದಕ್ಕೂ ಮುಂಚೆ ಯಾವ ದಾಖಲೆಗೆ ಹೊಂದಿಸಬೇಕು ಅಂತ ತೀರ್ಮಾನಿಸಿ. ಏನೇನು ಒಯ್ಯಬೇಕು, ಶುಲ್ಕ ಎಷ್ಟು, ಇಲ್ಲಿದೆ.’ ಎರಡೇ ಅವಕಾಶ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಲಿಂಕ್ ಒತ್ತದೇ ಹೋದರೂ ಆ ಹುಡುಗಿ ಅದೊಂದನ್ನು ತಿಳಿದುಕೊಂಡು ಹೋದಳು. ಅದರಿಂದ ನನಗೆ ನಷ್ಟವೇನಿಲ್ಲ, ಎಷ್ಟೋ ಸಲ ಆ ಸಾಲು ಓದಿಯೇ ಜನ ಒಳಗೆ ಬರೋದು.

ಆದರೆ ನೀವು ಬರೆದ ವಿವರಣೆಯೇ ಕಾಣುತ್ತೆ ಅನ್ನೋ ಖಾತ್ರಿ ಇಲ್ಲ. ಗೂಗಲ್ ಹೆಚ್ಚಾಗಿ ಪುಟದ ಒಳಗಿನ ಬರಹದಿಂದಲೇ, ಹುಡುಕಿದ ಪದಕ್ಕೆ ಹೊಂದುವ ಸಾಲು ತೆಗೆದು ತೋರಿಸುತ್ತೆ. ವಿವರಣೆ ಅದಕ್ಕಿಂತ ಚೆನ್ನಾಗಿ ಹೊಂದುತ್ತೆ ಅನಿಸಿದಾಗ ಅದನ್ನು ಬಳಸುತ್ತೆ. ಟೈಟಲ್ ಕೂಡ ಹಾಗೇ. 2021ರ ಆಗಸ್ಟ್‌ನಲ್ಲಿ ಗೂಗಲ್ ಟೈಟಲ್ ಆರಿಸುವ ವಿಧಾನ ಬದಲಿಸಿತು, ಪುಟದ ದೊಡ್ಡ ತಲೆಬರಹವನ್ನೂ ಗಂಭೀರವಾಗಿ ನೋಡಲು ಶುರುಮಾಡಿತು. ಅಂತರಜಾಲದಲ್ಲಿ ತುಂಬ ಜನ ಸಿಟ್ಟಾದರು. ಮರು ತಿಂಗಳು ಅದನ್ನು ಸ್ವಲ್ಪ ತಿದ್ದಿ, ಸುಮಾರು ಶೇ 87ರಷ್ಟು ಸಲ ಪುಟದವರು ಕೊಟ್ಟ ಟೈಟಲ್ಲನ್ನೇ ಬಳಸ್ತಿದ್ದೀವಿ ಅಂತ ಗೂಗಲ್ ಹೇಳಿತು. ಉಳಿದ ಸಲ ನಿಮ್ಮದು ಸೋಲುತ್ತೆ. ಸೋಲದಿರಲು ಸುಲಭದ ದಾರಿ ಅಂದ್ರೆ, ಸರ್ಚ್ ಟೈಟಲ್‌ನಲ್ಲಿ ಹೇಳಿದ್ದು ಬರಹದ ಮೊದಲ ಪ್ಯಾರಾದಲ್ಲೂ ಇರೋದು. ನನ್ನ ಬರಹದ ತಲೆಬರಹದ ಕೆಳಗಿನ ಉಪಶೀರ್ಷಿಕೆಯಲ್ಲೇ ‘ಆಧಾರ್, ಅಂಕಪಟ್ಟಿ, ಹೆಸರು’ ಮೂರೂ ಬರುತ್ತೆ.

ಈಗ ನನಗೆ ನಿಜಕ್ಕೂ ಹೇಳಬೇಕಾದ ವಿಷಯ.

ಪೆಟ್ಟಿಗೆ ಖಾಲಿ ಇರುವವರೆಗೆ ಸರ್ಚ್ ಟೈಟಲ್ ತಲೆಬರಹದ ನೆರಳಿನ ಹಾಗೆ, ತಲೆಬರಹ ಬದಲಾದರೆ ಅದೂ ಬದಲಾಗುತ್ತೆ. ನೀವು ಒಂದು ಸಲ ಅದರಲ್ಲಿ ಏನಾದರೂ ತುಂಬಿದಿರೋ, ಅಲ್ಲಿಗೆ ನಂಟು ಕಡಿಯಿತು. ಆಮೇಲೆ ತಲೆಬರಹವನ್ನು ಹತ್ತು ಸಲ ತಿದ್ದಿ, ಸರ್ಚ್ ಟೈಟಲ್ ಮೊದಲು ಬರೆದ ಹಾಗೇ ಕೂತಿರುತ್ತೆ. ಪುಟ ತೆರೆದು ನೋಡಿದರೆ ಎಲ್ಲ ಸರಿ ಕಾಣುತ್ತೆ, ಯಾಕಂದ್ರೆ ಅದು ಪುಟದ ಮೇಲೆ ಕಾಣೋದೇ ಇಲ್ಲ.

ಸಣ್ಣ ಉದಾಹರಣೆ ಮೊದಲು. ಆಧಾರ್‌ನಲ್ಲಿ ಹೆಸರು, ವಿಳಾಸದಂಥ ವಿವರ ತಿದ್ದಿಸಲು ಕೇಂದ್ರದಲ್ಲಿ 50 ರೂಪಾಯಿ ಇತ್ತು. 2025ರ ಅಕ್ಟೋಬರ್ 1ರಿಂದ ಅದು 75 ಆಯ್ತು. ಇಂಥ ಬದಲಾವಣೆ ಬಂದ ದಿನ ಬರಹದ ಒಳಗಿನ ಅಂಕಿಯನ್ನು ಎಲ್ಲರೂ ತಿದ್ದುತ್ತಾರೆ. ವಿವರಣೆಯಲ್ಲಿ ‘ಶುಲ್ಕ 50 ರೂ.’ ಅಂತ ಬರೆದಿಟ್ಟವರಿಗೆ ಅದು ನೆನಪಾಗಲ್ಲ. ಫಲಿತಾಂಶದ ಪಟ್ಟಿ ಓದಿಕೊಂಡೇ ಹೊರಟವನು ಕೇಂದ್ರದಲ್ಲಿ ಜಗಳ ಆಡ್ತಾನೆ. ನಾನು ವಿವರಣೆಯಲ್ಲಿ ‘ಶುಲ್ಕ ಎಷ್ಟು’ ಅಂತ ಮಾತ್ರ ಬರೆದು ಅಂಕಿ ಹಾಕದೇ ಇರೋದು ಇದಕ್ಕೇ. ಬದಲಾಗುವ ಅಂಕಿ ಒಂದೇ ಕಡೆ ಇರಲಿ, ಅದು ಪುಟದ ಒಳಗೆ ಇರಲಿ.

ದೊಡ್ಡದು ಇನ್ನೊಂದಿದೆ. ಊರಿನ ಸುದ್ದಿ ಬರೆಯುವವರು ಇದನ್ನು ಗಮನವಿಟ್ಟು ಕೇಳಿ. ಬೆಳಿಗ್ಗೆ ಒಂದು ಸುದ್ದಿ ಬರುತ್ತೆ ಅಂತ ಇಟ್ಟುಕೊಳ್ಳಿ: ಶಾಲೆಯ ಹಣ ದುರ್ಬಳಕೆ, ಮುಖ್ಯ ಶಿಕ್ಷಕರ ಬಂಧನ. ಯಾರೋ ಅದನ್ನು ಬರೆದರು, ಸರ್ಚ್ ಟೈಟಲ್‌ನಲ್ಲಿ ಆ ಮೇಷ್ಟ್ರ ಹೆಸರು, ಊರು ಹಾಕಿ ‘ಬಂಧನ’ ಅಂತ ತುಂಬಿದರು. ಸಂಜೆ ಗೊತ್ತಾಯ್ತು, ಬಂಧನವೇ ಆಗಿಲ್ಲ, ಪೊಲೀಸರು ಕರೆದು ಮಾತಾಡಿಸಿ ಕಳಿಸಿದ್ದಾರೆ. ತಲೆಬರಹ ತಿದ್ದಿ ‘ವಿಚಾರಣೆ’ ಅಂತ ಮಾಡಿದರು, ಒಳಗೂ ತಿದ್ದಿದರು, ಕೆಳಗೆ ತಿದ್ದುಪಡಿಯ ಟಿಪ್ಪಣಿಯನ್ನೂ ಹಾಕಿದರು. ಪ್ರಾಮಾಣಿಕವಾಗಿಯೇ ನಡೆದುಕೊಂಡರು. ಆದರೆ ಗೂಗಲ್‌ನಲ್ಲಿ ಆ ಮೇಷ್ಟ್ರ ಹೆಸರು ಹುಡುಕಿದರೆ ನೀಲಿ ಸಾಲಿನಲ್ಲಿ ಇನ್ನೂ ‘ಬಂಧನ’. ಅವರ ಮಗಳಿಗೆ ಗಂಡು ನೋಡುವವರು, ಬ್ಯಾಂಕಿನವರು, ಹಳೇ ವಿದ್ಯಾರ್ಥಿಗಳು ನೋಡೋದು ಆ ಸಾಲನ್ನು. ಬಹಳ ಜನ ಒಳಗೆ ಹೋಗೋದೇ ಇಲ್ಲ.

ಹಾಗಾಗಿ ಒಂದು ಬರಹ ತಿದ್ದೋದು ಅಂದ್ರೆ ಎಲ್ಲೆಲ್ಲಿ ಕೈಹಾಕಬೇಕು? ತಲೆಬರಹ, ಒಳಗಿನ ಪಠ್ಯ, ಸರ್ಚ್ ಟೈಟಲ್, ವಿವರಣೆ, ಹಂಚಿಕೆಯ ಟೈಟಲ್, ಚಿತ್ರದ ಅಡಿಬರಹ. ವಿಳಾಸದಲ್ಲೇ `arrested` ಅಂತ ಇದ್ದರೆ ಅದೂ ಸೇರುತ್ತೆ. ಲಿಂಕ್ ಕೈಕೊಡುವ ಅಪಾಯ ಇದ್ದರೂ ಇಂಥ ಸಂದರ್ಭದಲ್ಲಿ ಬದಲಿಸಲೇಬೇಕು, ಹಳೇ ವಿಳಾಸದಿಂದ ಹೊಸದಕ್ಕೆ ದಾರಿ ಕೊಡಬೇಕು. ಇಮೇಲ್ ಮಾತ್ರ ಹೋಗಿದ್ದು ಹೋಯ್ತು. ಅದರ ವಿಷಯದ ಸಾಲು ವಾಪಸ್ ತರಲು ಆಗಲ್ಲ, ತಿದ್ದುಪಡಿ ಅಂತ ಇನ್ನೊಂದು ಪತ್ರವನ್ನೇ ಕಳಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಆಗಲೇ ಹೋದ ಲಿಂಕಿನ ಜೊತೆಗಿನ ಚೌಕವೂ ಹಳೆಯದಾಗಿಯೇ ಉಳಿಯುತ್ತೆ.

ಇಷ್ಟು ಮಾಡಿದ ಮೇಲೂ ಗೂಗಲ್ ಆ ಪುಟವನ್ನು ಮತ್ತೆ ಬಂದು ಓದುವವರೆಗೆ ಹಳೇ ಸಾಲೇ ಕಾಣುತ್ತೆ. ದಿನಗಳೂ ಆಗಬಹುದು, ವಾರಗಳೂ ಆಗಬಹುದು. ನಿಮ್ಮ ತಾಣವನ್ನು ಸರ್ಚ್ ಕನ್ಸೋಲ್‌ಗೆ ಸೇರಿಸಿದ್ದರೆ ಆ ವಿಳಾಸ ಹಾಕಿ `Request indexing` ಒತ್ತಿ. ಅಲ್ಲೇ `Removals` ಅನ್ನೋ ಕಡೆ, ಪುಟವನ್ನು ತೆಗೆಯದೇ ಹಳೇ ಸಾಲುಗಳನ್ನು ಮಾತ್ರ ಅಳಿಸುವ ಆಯ್ಕೆ ಕೂಡ ಇದೆ. ಆ ಮೇಷ್ಟ್ರೇ ಮಾಡಬಹುದಾದ ಕೆಲಸವೂ ಒಂದಿದೆ. ಗೂಗಲ್‌ನ `Refresh Outdated Content` ಅನ್ನೋ ಪುಟದಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು: ಈ ಪದ ಫಲಿತಾಂಶದಲ್ಲಿ ಕಾಣ್ತಿದೆ, ಆದರೆ ಪುಟದಲ್ಲಿ ಈಗ ಇಲ್ಲ ಅಂತ. ಗಮನಿಸಿ, ಪುಟದಲ್ಲಿ ಈಗ ಇಲ್ಲ ಅನ್ನೋದು ನಿಜವಾಗಿರಬೇಕು. ಬರೆದವರು ಸರ್ಚ್ ಟೈಟಲ್ ತಿದ್ದದೇ ಬಿಟ್ಟಿದ್ದರೆ ಈ ಅರ್ಜಿಯಿಂದ ಏನೂ ಆಗಲ್ಲ, ಮುಂದೆ ಗೂಗಲ್ ಬಂದು ಓದಿದಾಗಲೂ ಅದೇ ‘ಬಂಧನ’ ಸಿಗುತ್ತೆ.

ಸರಿಯಾಗಿದೆಯಾ ಅಂತ ನೋಡೋದು ಹೇಗೆ? ಕಂಪ್ಯೂಟರಿನಲ್ಲಾದರೆ ಟ್ಯಾಬ್ ಮೇಲೆ ಮೌಸ್ ಇಡಿ, ಸರ್ಚ್ ಟೈಟಲ್ ಪೂರ್ತಿ ಕಾಣುತ್ತೆ. ಫೋನಿನ ಕ್ರೋಮ್‌ನಲ್ಲಿ ತೆರೆದ ಟ್ಯಾಬ್‌ಗಳ ಪಟ್ಟಿ ನೋಡಿ, ಪ್ರತಿ ಚೌಕದ ಮೇಲಿನ ಹೆಸರು ಅದೇ. ವಿವರಣೆ ನೋಡಬೇಕಾದರೆ ವಿಳಾಸದ ಮುಂದೆ `view-source:` ಅಂತ ಸೇರಿಸಿ, ಬರುವ ರಾಶಿಯಲ್ಲಿ `description` ಹುಡುಕಿ. ಹಂಚಿಕೆಯದನ್ನು ನೋಡಲು ಲಿಂಕನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಇದನ್ನು ಊರಿಗೆಲ್ಲ ಹಂಚುವ ಮುಂಚೆ ಮಾಡಿ.

ಎರಡು ತಲೆಬರಹ ಇರೋದರಿಂದ ಇನ್ನೊಂದು ಚಾಳಿಯೂ ಬೆಳೆದಿದೆ. ಪುಟದ ಮೇಲೆ ‘ಫಲಿತಾಂಶ ಯಾವಾಗ? ದಿನಾಂಕಕ್ಕಾಗಿ ಕಾಯುತ್ತಿರುವ ವಿದ್ಯಾರ್ಥಿಗಳು’, ಹುಡುಕುವವರಿಗೆ ಮಾತ್ರ ‘ಫಲಿತಾಂಶ ದಿನಾಂಕ ಪ್ರಕಟ, ಇಲ್ಲಿ ನೋಡಿ’. ಪುಟ ತೆರೆದವರಿಗೆ ತಲೆಬರಹ ಸಭ್ಯವಾಗಿದೆ, ಹಾಗಾಗಿ ಯಾರೂ ಬೈಯಲ್ಲ. ನನ್ನ ಪ್ರಕಾರ ಇದು ಸುಳ್ಳು ತಲೆಬರಹಕ್ಕಿಂತ ಕೆಟ್ಟದ್ದು, ಯಾಕಂದ್ರೆ ಇದನ್ನು ಹಿಡಿಯೋದು ಕಷ್ಟ. ನಾನು ನನಗೇ ಹಾಕಿಕೊಂಡ ನಿಯಮ ಸರಳ: ಸರ್ಚ್ ಟೈಟಲ್ಲನ್ನೇ ಪುಟದ ಮೇಲೆ ದೊಡ್ಡದಾಗಿ ಹಾಕಿದರೆ ನನಗೆ ನಾಚಿಕೆ ಆಗುತ್ತಾ? ಆಗುತ್ತೆ ಅಂದ್ರೆ ಬದಲಿಸ್ತೀನಿ.

ಹೋದ ಸಲ ಒಬ್ಬರು ಕೇಳಿದ್ದರು: ‘ಸರ್, ನನ್ನ ಬ್ಲಾಗಿನಲ್ಲಿ ಮುನ್ನೂರು ಹಳೇ ಬರಹ ಇವೆ, ಎಲ್ಲದಕ್ಕೂ ಈ ಪೆಟ್ಟಿಗೆ ತುಂಬಬೇಕಾ?’ ಬೇಡ. ಸರ್ಚ್ ಕನ್ಸೋಲ್‌ನಲ್ಲಿ `Performance` ತೆರೆಯಿರಿ. ಫಲಿತಾಂಶದಲ್ಲಿ ತುಂಬ ಸಲ ಕಾಣಿಸಿಕೊಂಡು, ಕ್ಲಿಕ್ ಮಾತ್ರ ಕಡಿಮೆ ಬಿದ್ದಿರುವ ಹತ್ತು ಬರಹ ಹುಡುಕಿ. ಜನ ಯಾವ ಪದ ಟೈಪ್ ಮಾಡಿ ಅಲ್ಲಿಗೆ ಬಂದರು ಅನ್ನೋದೂ ಅಲ್ಲೇ ಸಿಗುತ್ತೆ. ಆ ಹತ್ತಕ್ಕೆ ಆ ಪದಗಳಲ್ಲೇ ಟೈಟಲ್ ಬರೆಯಿರಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಜೊತೆಗೆ, ಯಾರದಾದರೂ ಹೆಸರಿರುವ ಹಳೇ ಸುದ್ದಿಗಳಿದ್ದರೆ ಕ್ಲಿಕ್ ಎಷ್ಟೇ ಇರಲಿ, ಮೊದಲು ಅವುಗಳ ಸರ್ಚ್ ಟೈಟಲ್ ತೆರೆದು ಓದಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ, ನಮಸ್ಕಾರ.